ಪೀಣ್ಯದ ಕಾರ್ಖಾನೆ ಕೊಳ್ಳುವಾಗ: ಕಂಪನಿಯ ಷೇರೋ, ಬರೀ ಆಸ್ತಿಯೋ?

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಸಣ್ಣ ಕಾರ್ಖಾನೆಯೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವರ ಬಾಯಲ್ಲಿ ಮೊದಲು ಬರುವ ಮಾತು ಹೆಚ್ಚುಕಡಿಮೆ ಒಂದೇ: "ನಿಮ್ಮ ಕಂಪನಿ ನಮಗೆ ಬೇಡ. ಮಷೀನು, ಜಾಗ, ಆರ್ಡರು, ಹುಡುಗರನ್ನು ಕೊಡಿ ಸಾಕು. ಹಳೇ ಸಾಲ, ಹಳೇ ತೆರಿಗೆ, ಹಳೇ ಕೇಸು ನಿಮ್ಮಲ್ಲೇ ಇರಲಿ." ಮಾರುವವರ ಉತ್ತರವೂ ಅಷ್ಟೇ ಸಿದ್ಧವಾಗಿರುತ್ತದೆ: "ಕೊಳ್ಳೋದಾದರೆ ಕಂಪನಿಯನ್ನೇ ಕೊಳ್ಳಿ, ಷೇರು ಬರೆದುಕೊಡುತ್ತೇವೆ."

ಆಸ್ತಿ ಮಾತ್ರ ಕೊಂಡರೆ ಹಳೆಯ ಹೊಣೆಗಳೆಲ್ಲ ಹಿಂದೆಯೇ ಉಳಿಯುತ್ತವೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಕೆಲವು ಹೊಣೆಗಳು ಕಂಪನಿಗೆ ಅಂಟಿಕೊಂಡಿರುತ್ತವೆ, ಕೆಲವು ವ್ಯವಹಾರಕ್ಕೆ ಅಂಟಿಕೊಂಡಿರುತ್ತವೆ. ಕಂಪನಿಗೆ ಅಂಟಿದ್ದನ್ನು ಬಿಟ್ಟು ಬರಬಹುದು. ವ್ಯವಹಾರಕ್ಕೆ ಅಂಟಿದ್ದು ಕೊಂಡವರ ಬೆನ್ನು ಹತ್ತಿ ಬರುತ್ತದೆ, ಕರಾರಿನಲ್ಲಿ ಏನೇ ಬರೆದುಕೊಂಡಿದ್ದರೂ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ಬೇರ್ಪಡಿಸದೆ ಬೆಲೆ ಮಾತಾಡಬಾರದು ಎಂಬುದೇ ಈ ಲೇಖನದ ವಾದ.

ಇದನ್ನು ಒಂದು ಕಲ್ಪಿತ ಲೆಕ್ಕದ ಮೇಲೆ ನೋಡೋಣ. ಪೀಣ್ಯ 2ನೇ ಹಂತದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗಗಳನ್ನು ಸಿಎನ್‌ಸಿ ಯಂತ್ರಗಳಲ್ಲಿ ಕಡೆದುಕೊಡುವ ಕೆಲಸ. ನಲವತ್ತು ಕಾರ್ಮಿಕರು. ಷೇರುಗಳೆಲ್ಲ ಅಣ್ಣತಮ್ಮಂದಿರಿಬ್ಬರ ಹೆಸರಲ್ಲಿವೆ. ಇಡೀ ವ್ಯವಹಾರಕ್ಕೆ ಕೊಳ್ಳುವವರೂ ಮಾರುವವರೂ ಒಪ್ಪಿದ ಬೆಲೆ 12 ಕೋಟಿ ರೂಪಾಯಿ. ಅದರಲ್ಲಿ ಕಂಪನಿಯ ಹೆಸರಲ್ಲೇ ಇರುವ ಜಾಗ ಮತ್ತು ಕಟ್ಟಡ 4 ಕೋಟಿ, ಯಂತ್ರಗಳು 5 ಕೋಟಿ, ಉಳಿದದ್ದು ದಾಸ್ತಾನು, ಬಾಕಿ ವಸೂಲಿ ಮತ್ತು ಗ್ರಾಹಕರ ಆರ್ಡರುಗಳ ಮೌಲ್ಯ. ಬ್ಯಾಂಕ್ ಸಾಲ 2.5 ಕೋಟಿ ಇದೆ.

ದಾಖಲೆ ಪರಿಶೀಲನೆಯಲ್ಲಿ ಮೂರು ಸಂಗತಿ ಸಿಕ್ಕವು ಎಂದುಕೊಳ್ಳಿ. ಒಂದು, 2022-23ರ ಸಾಲಿನ ಜಿಎಸ್‌ಟಿಯಲ್ಲಿ 40 ಲಕ್ಷದ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಂಡದ್ದರ ಬಗ್ಗೆ ನೋಟಿಸು. ಎರಡು, ಪಿಎಫ್ ಅನ್ನು ಮೂಲ ವೇತನದ ಮೇಲೆ ಮಾತ್ರ ಕಟ್ಟಿ, ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಭತ್ಯೆಗಳನ್ನು ಹೊರಗಿಟ್ಟಿರುವುದು. ಮೂರು, ಗ್ರಾಚ್ಯುಟಿಗೆ ಬೇಕಾದಷ್ಟು ಹಣ ತೆಗೆದಿಡದೇ ಇರುವುದು. ಇಂಥ ಕಾರ್ಖಾನೆಗಳಲ್ಲಿ ಈ ಮೂರೂ ತೀರಾ ಸಾಮಾನ್ಯ.

ಷೇರು ಕೊಂಡರೆ ಆಗುವುದೇನು

ಷೇರು ಕೊಂಡರೆ ಕಂಪನಿ ಹಾಗೇ ಇರುತ್ತದೆ, ಮಾಲೀಕರು ಮಾತ್ರ ಬದಲಾಗುತ್ತಾರೆ. ಪ್ಯಾನ್, ಜಿಎಸ್‌ಟಿ ನೋಂದಣಿ, ಪಿಎಫ್ ಕೋಡ್, ಬೆಸ್ಕಾಂ ಸಂಪರ್ಕ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ, ಕಾರ್ಖಾನೆ ಲೈಸೆನ್ಸು, ಗ್ರಾಹಕರು ಕೊಟ್ಟ ವೆಂಡರ್ ಕೋಡ್ ಎಲ್ಲವೂ ಅದೇ ಹೆಸರಲ್ಲಿ ಮುಂದುವರಿಯುತ್ತವೆ. ಕಾರ್ಮಿಕರ ಉದ್ಯೋಗದಾತನೂ ಬದಲಾಗುವುದಿಲ್ಲ, ಹಾಗಾಗಿ ಅವರಿಗೆ ಹೊಸ ನೇಮಕಪತ್ರ ಬೇಕಿಲ್ಲ.

ಖರ್ಚೂ ಕಡಿಮೆ. ಷೇರು ವರ್ಗಾವಣೆಗೆ ಮುದ್ರಾಂಕ ಶುಲ್ಕ ಶೇ 0.015 ಮಾತ್ರ. ಎಂಟೊಂಬತ್ತು ಕೋಟಿಯ ಷೇರಿಗೆ ಹದಿಮೂರು ಸಾವಿರದ ಆಸುಪಾಸು. ಅದೇ ಕಂಪನಿಯ 4 ಕೋಟಿಯ ಜಾಗವನ್ನು ಬೇರೆಯಾಗಿ ಕ್ರಯಪತ್ರ ಮಾಡಿಸಿಕೊಂಡರೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರದಲ್ಲಿ ಶೇ 7.6 ಆಗುತ್ತದೆ. ಅಂದರೆ 30.4 ಲಕ್ಷ.

ಮಾರುವ ಅಣ್ಣತಮ್ಮಂದಿರು ಷೇರು ಮಾರಾಟಕ್ಕೇ ಅಂಟಿಕೊಳ್ಳುವುದಕ್ಕೆ ಕಾರಣ ತೆರಿಗೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರು ಮಾರಿದರೆ ಲಾಭದ ಮೇಲೆ ಶೇ 12.5 ಮತ್ತು ಸರ್‌ಚಾರ್ಜ್, ಸೆಸ್. ಹಣ ನೇರವಾಗಿ ಅವರ ಖಾತೆಗೆ. ಆಸ್ತಿ ಮಾರಿದರೆ ಹಣ ಬರುವುದು ಕಂಪನಿಗೆ. ಕಂಪನಿ ಮೊದಲು ತನ್ನ ತೆರಿಗೆ ಕಟ್ಟಬೇಕು. ಆಮೇಲೆ ಅದನ್ನು ಡಿವಿಡೆಂಡ್ ಎಂದು ಹೊರಗೆ ತೆಗೆದರೆ ಅಣ್ಣತಮ್ಮಂದಿರು ತಮ್ಮ ಸ್ಲ್ಯಾಬಿನ ಪ್ರಕಾರ ಮತ್ತೊಮ್ಮೆ ಕಟ್ಟಬೇಕು. ಹಾಗಾಗಿ ಆಸ್ತಿ ಮಾರಾಟಕ್ಕೆ ಒಪ್ಪಿಸಬೇಕೆಂದರೆ ಬೆಲೆ ಏರಿಸಬೇಕಾದ ಒತ್ತಡ ಕೊಳ್ಳುವವರ ಮೇಲೆ ಬರುತ್ತದೆ.

ಇಷ್ಟೆಲ್ಲ ಅನುಕೂಲಕ್ಕೆ ತೆರುವ ಬೆಲೆ ಎಂದರೆ, ಕಂಪನಿ ಹುಟ್ಟಿದ ದಿನದಿಂದ ಮಾಡಿಕೊಂಡ ಎಲ್ಲ ಹೊಣೆಯೂ ಅದರ ಜೊತೆಗೇ ಬರುತ್ತದೆ. ಗೊತ್ತಿರುವ ಹೊಣೆಗೆ ಅಂಜಬೇಕಾಗಿಲ್ಲ, ಅದನ್ನು ಲೆಕ್ಕ ಹಾಕಿ ಬೆಲೆಯಿಂದ ಕಳೆಯಬಹುದು. ಗೊತ್ತಿಲ್ಲದ ಹೊಣೆಯೇ ಅಪಾಯ.

ಬಿಟ್ಟು ಬಂದೆವೆಂದುಕೊಂಡ ಹೊಣೆ

ಈಗ ಆಸ್ತಿ ಖರೀದಿಗೆ ಬರೋಣ. ಇದರಲ್ಲೂ ಎರಡು ಬಗೆಯಿದೆ. ಪ್ರತಿ ಯಂತ್ರಕ್ಕೆ, ದಾಸ್ತಾನಿಗೆ, ಜಾಗಕ್ಕೆ ಬೇರೆಬೇರೆ ಬೆಲೆ ಕಟ್ಟಿ ಬಿಡಿಬಿಡಿಯಾಗಿ ಕೊಳ್ಳುವುದು ಒಂದು. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ಒಂದೇ ಮೊತ್ತಕ್ಕೆ ಕೊಳ್ಳುವುದು ಇನ್ನೊಂದು. ಇದನ್ನೇ ಸ್ಲಂಪ್ ಸೇಲ್ ಅನ್ನುತ್ತಾರೆ. ಬಿಡಿಯಾಗಿ ಕೊಂಡರೆ 5 ಕೋಟಿಯ ಯಂತ್ರಗಳ ಮೇಲೆ ಶೇ 18ರಂತೆ 90 ಲಕ್ಷ ಜಿಎಸ್‌ಟಿ ಕಟ್ಟಬೇಕು. ಅದು ಮುಂದೆ ಕ್ರೆಡಿಟ್ ಆಗಿ ಸಿಗುತ್ತದೆ, ನಿಜ, ಆದರೆ ಅಲ್ಲಿಯವರೆಗೆ ಅಷ್ಟು ನಗದು ಸಿಕ್ಕಿಹಾಕಿಕೊಂಡಿರುತ್ತದೆ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಹಾಗಾಗಿ ಕಾರ್ಖಾನೆ ನಿಲ್ಲದೆ ನಡೆಯಬೇಕೆನ್ನುವವರು ಸಾಮಾನ್ಯವಾಗಿ ಸ್ಲಂಪ್ ಸೇಲ್ ಹಿಡಿಯುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು: ಕರಾರಿನ ಅನುಬಂಧದಲ್ಲಿ ಪ್ರತಿ ಯಂತ್ರದ ಮುಂದೆ ಬೆಲೆ ಬರೆದರೆ ಅದು ಸ್ಲಂಪ್ ಸೇಲ್ ಅಲ್ಲ, ಬಿಡಿ ಮಾರಾಟ ಎಂದು ಆದಾಯ ತೆರಿಗೆ ಇಲಾಖೆ ಹೇಳಬಹುದು. ಮುದ್ರಾಂಕ ಮತ್ತು ನೋಂದಣಿ ಶುಲ್ಕಕ್ಕಾಗಿ ಜಾಗದ ಮೌಲ್ಯ ತೋರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಇನ್ನು ಆ 40 ಲಕ್ಷದ ಜಿಎಸ್‌ಟಿ ನೋಟಿಸು. "ಅದು ಹಳೇ ಕಂಪನಿಯದು, ನಮಗೇನು" ಎಂದು ಸ್ಲಂಪ್ ಸೇಲ್‌ನಲ್ಲಿ ಕೊಂಡವರು ಹೇಳುವಂತಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ, ವ್ಯವಹಾರವನ್ನು ಪೂರ್ತಿ ಅಥವಾ ಭಾಗಶಃ ಮಾರಿದಾಗ ಆ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರೂ ಕೊಂಡವರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಆ ಬಾಕಿ ಮಾರಾಟಕ್ಕೆ ಮೊದಲೇ ನಿಗದಿಯಾಗಿರಬೇಕೆಂದೂ ಇಲ್ಲ. ಆಮೇಲೆ ನಿಗದಿಯಾದದ್ದಕ್ಕೂ ಇದು ಅನ್ವಯ. ಇಲಾಖೆ ಇಬ್ಬರಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು, ಮತ್ತು ಯಂತ್ರ, ಬ್ಯಾಂಕ್ ಖಾತೆ, ಓಡುವ ವ್ಯವಹಾರ ಇರುವವರನ್ನು ಹಿಡಿಯುವುದೇ ಸುಲಭ. "ಹಳೆಯ ತೆರಿಗೆಯೆಲ್ಲ ಮಾರುವವರದ್ದೇ" ಎಂಬ ಕರಾರಿನ ಸಾಲು ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಕಟ್ಟಿದ ಹಣವನ್ನು ಮಾರಿದವರಿಂದ ವಾಪಸು ಕೇಳುವ ಹಕ್ಕನ್ನಷ್ಟೇ ಅದು ಕೊಡುತ್ತದೆ. ಮಾರಿದ ಕಂಪನಿ ಅಷ್ಟರಲ್ಲಿ ಖಾಲಿಯಾಗಿದ್ದರೆ ಆ ಹಕ್ಕಿಗೆ ಬೆಲೆಯಿಲ್ಲ.

ಬಿಡಿಬಿಡಿಯಾಗಿ ಕೊಂಡರೆ ತಪ್ಪಿಸಿಕೊಳ್ಳಬಹುದೇ? ನಾಲ್ಕು ಹಳೆಯ ಯಂತ್ರ ಕೊಂಡವರನ್ನು ಯಾರೂ ವ್ಯವಹಾರ ಕೊಂಡವರು ಅನ್ನುವುದಿಲ್ಲ. ಆದರೆ ಅದೇ ಜಾಗ, ಅದೇ ಯಂತ್ರಗಳು, ಅದೇ ಕಾರ್ಮಿಕರು, ಅದೇ ಗ್ರಾಹಕರು ಎಲ್ಲವೂ ಒಂದೇ ದಿನ ಒಬ್ಬರ ಕೈಗೆ ಹೋದರೆ, ಬಿಲ್ಲುಗಳು ಬೇರೆಬೇರೆ ಇದ್ದರೂ ನಡೆದದ್ದು ವ್ಯವಹಾರದ ವರ್ಗಾವಣೆಯೇ ಎಂಬ ವಾದಕ್ಕೆ ಉತ್ತರ ಕೊಡುವುದು ಕಷ್ಟ.

ಇನ್ನೊಂದು ಸೂಕ್ಷ್ಮ ಸ್ಲಂಪ್ ಸೇಲ್ ಮಾಡುವ ಅನೇಕರ ಗಮನ ತಪ್ಪುತ್ತದೆ. ಮಾರುವ ಕಂಪನಿಯ ಬಳಿ ಬಳಸದೆ ಉಳಿದ ಇನ್‌ಪುಟ್ ಕ್ರೆಡಿಟ್ ಇದ್ದರೆ ಅದನ್ನು ಐಟಿಸಿ-02 ನಮೂನೆಯಲ್ಲಿ ಕೊಳ್ಳುವವರ ಹೆಸರಿಗೆ ವರ್ಗಾಯಿಸಬಹುದು. ಆದರೆ ಕಾಯ್ದೆ ಅದಕ್ಕೆ ಷರತ್ತು ಹಾಕುತ್ತದೆ: ಹೊಣೆಗಳನ್ನೂ ವರ್ಗಾಯಿಸುವ ಸ್ಪಷ್ಟ ಏರ್ಪಾಡು ಆ ಮಾರಾಟದಲ್ಲಿ ಇರಬೇಕು, ಹಾಗಿದೆಯೆಂದು ಲೆಕ್ಕಪರಿಶೋಧಕರು ಪ್ರಮಾಣಪತ್ರ ಕೊಡಬೇಕು. ಹೊಣೆ ಯಾವುದೂ ಬೇಡ, ಕ್ರೆಡಿಟ್ ಮಾತ್ರ ಬೇಕು ಎಂದು ಕರಾರು ಬರೆದುಕೊಂಡವರಿಗೆ ಇದು ಕೊನೇ ಗಳಿಗೆಯಲ್ಲಿ ಎದುರಾಗುತ್ತದೆ.

ಪಿಎಫ್ ವಿಷಯವೂ ಹೀಗೇ. ಪಿಎಫ್ ಕಾನೂನು ವರ್ಗಾವಣೆಯ ದಿನದವರೆಗಿನ ಬಾಕಿಗೆ ಹಳೆಯ ಮತ್ತು ಹೊಸ ಮಾಲೀಕರಿಬ್ಬರನ್ನೂ ಹೊಣೆ ಮಾಡುತ್ತದೆ. ಹೊಸಬರ ಹೊಣೆ ತಾವು ಪಡೆದ ಆಸ್ತಿಯ ಮೌಲ್ಯದ ಮಿತಿಯೊಳಗೆ ಇರುತ್ತದೆ ಎಂಬುದಷ್ಟೇ ಸಮಾಧಾನ. 12 ಕೋಟಿಯ ವ್ಯವಹಾರದಲ್ಲಿ ಆ ಮಿತಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಇಎಸ್‌ಐ ಕಾನೂನಿನಲ್ಲೂ ಇಂಥದ್ದೇ ಕಲಮಿದೆ. ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆಗಳನ್ನು ಹೊರಗಿಟ್ಟು ಪಿಎಫ್ ಲೆಕ್ಕ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿರುವುದರಿಂದ, ನಮ್ಮ ಉದಾಹರಣೆಯ ಕಂಪನಿಗೆ ಹಳೆಯ ವರ್ಷಗಳ ಬಾಕಿ ಬೇಡಿಕೆ ಬರುವ ಸಾಧ್ಯತೆ ನಿಜವಾಗಿ ಇದೆ.

ಹಾಗಾದರೆ ಆಸ್ತಿ ಖರೀದಿಯಲ್ಲಿ ನಿಜಕ್ಕೂ ಹಿಂದೆ ಉಳಿಯುವುದೇನು? ಕಂಪನಿ ತಾನಾಗಿ ಒಪ್ಪಿಕೊಂಡ ಹೊಣೆಗಳು: ಹಳೆಯ ಸಾಮಗ್ರಿ ಪೂರೈಕೆದಾರರ ಬಾಕಿ, ಹಳೆಯ ಗ್ರಾಹಕರ ನಷ್ಟ ಪರಿಹಾರದ ದಾವೆ, ಹೊಣೆ ಹೊತ್ತ ಗ್ಯಾರಂಟಿಗಳು. ಕೊಂಡವರು ತಾವಾಗಿ ಒಪ್ಪಿಕೊಳ್ಳದ ಹೊರತು ಇವು ಬರುವುದಿಲ್ಲ. ಬ್ಯಾಂಕಿನ ಅಡಮಾನ ಮಾತ್ರ ಬೇರೆ. ಯಂತ್ರದ ಮೇಲಿನ ಹೈಪಾಥಿಕೇಶನ್ ತೀರದೆ ಯಂತ್ರ ಕೊಂಡರೆ ಅಡಮಾನ ಅದರ ಜೊತೆಗೇ ಬರುತ್ತದೆ. ಹಾಗಾಗಿ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ಮೇಲೆ ಕಂಪನಿ ನೋಂದಣಾಧಿಕಾರಿಗಳಲ್ಲಿ ಸಿಎಚ್‌ಜಿ-4 ಸಲ್ಲಿಕೆ, ಇವೆರಡೂ ಆಗಬೇಕು.

ಕರಾರು: ಹೊಣೆ ಬಂದರೂ ಆರ್ಡರು ಬಾರದಿರಬಹುದು

ಆಸ್ತಿ ಖರೀದಿಯ ದೊಡ್ಡ ತೊಂದರೆ ಇರುವುದು ಇಲ್ಲಿ. ಜಿಎಸ್‌ಟಿ, ಪಿಎಫ್ ಬಾಕಿ ಕೇಳದೆಯೇ ಬರುತ್ತವೆ. ಆದರೆ ಕೊಳ್ಳುವವರು ಹಣ ಕೊಟ್ಟದ್ದೇ ಯಾವುದಕ್ಕೋ ಆ ಗ್ರಾಹಕರ ಕರಾರು ತಾನಾಗಿ ಬರುವುದಿಲ್ಲ. ಕರಾರಿನಿಂದ ಸಿಗಬೇಕಾದ ಹಕ್ಕನ್ನು ಬಹಳಷ್ಟು ಸಂದರ್ಭಗಳಲ್ಲಿ ಇನ್ನೊಬ್ಬರಿಗೆ ಕೊಡಬಹುದು. ಅದರಲ್ಲಿರುವ ಕರ್ತವ್ಯವನ್ನು ಎದುರು ಪಕ್ಷದ ಒಪ್ಪಿಗೆಯಿಲ್ಲದೆ ದಾಟಿಸುವಂತಿಲ್ಲ. ಖರ್ದಾ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಇದನ್ನು ಹೇಳಿದೆ. ಗ್ರಾಹಕ, ಹಳೆಯ ಕಂಪನಿ, ಹೊಸ ಕಂಪನಿ ಮೂವರೂ ಸಹಿ ಹಾಕಿ ಹಳೆಯ ಕರಾರಿನ ಜಾಗದಲ್ಲಿ ಹೊಸದನ್ನು ನಿಲ್ಲಿಸಬೇಕು.

ನಮ್ಮ ಕಾರ್ಖಾನೆಯ ಸಂಗತಿಯಲ್ಲಿ ಅದು ಸಹಿಯಷ್ಟಕ್ಕೇ ಮುಗಿಯುವುದಿಲ್ಲ. ದೊಡ್ಡ ಯಂತ್ರೋದ್ಯಮ ಕಂಪನಿಗಳು ಬಿಡಿಭಾಗ ಪೂರೈಸುವವರಿಗೆ ವೆಂಡರ್ ಕೋಡ್ ಕೊಡುವುದು ಒಂದು ನಿರ್ದಿಷ್ಟ ಕಂಪನಿಗೆ. ಪ್ಯಾನ್ ಮತ್ತು ಜಿಎಸ್‌ಟಿ ನಂಬರು ಬದಲಾದರೆ ಹೊಸ ಕೋಡ್ ಬೇಕು. ಹೊಸ ಕೋಡಿಗೆ ಗುಣಮಟ್ಟದ ಆಡಿಟ್, ಐಎಸ್‌ಒ ಪ್ರಮಾಣಪತ್ರ ಹೊಸ ಹೆಸರಿಗೆ, ಕೆಲವರಲ್ಲಿ ಪ್ರತಿ ಬಿಡಿಭಾಗದ ಮೊದಲ ಮಾದರಿಯನ್ನು ಮತ್ತೆ ಅಳೆದು ಒಪ್ಪಿಸುವ ಕೆಲಸ. ಯಂತ್ರ ಅದೇ, ಅದನ್ನು ನಡೆಸುವ ಆಪರೇಟರ್ ಅವರೇ, ಕಾಂಪೊನೆಂಟೂ ಅದೇ. ಆದರೂ ಕಾಗದದ ಮೇಲೆ ನೀವು ಹೊಸ ಪೂರೈಕೆದಾರರು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಗ್ರಾಹಕರ ಪರ್ಚೇಸ್ ವಿಭಾಗ ದರವನ್ನೂ ಮತ್ತೆ ಮಾತಾಡಲು ಕೂರುತ್ತದೆ.

ಈ ಮಧ್ಯಂತರವನ್ನು ದಾಟಿಸಲು ಬಳಕೆಯಲ್ಲಿರುವ ದಾರಿ ಎಂದರೆ ಹಳೆಯ ಕಂಪನಿಯ ಹೆಸರಲ್ಲೇ ಕೆಲಕಾಲ ಬಿಲ್ಲು ಮಾಡುವುದು. ಹೊಸ ಕಂಪನಿ ತಯಾರಿಸಿ ಹಳೆಯ ಕಂಪನಿಗೆ ಬಿಲ್ಲು ಹಾಕುತ್ತದೆ, ಹಳೆಯದು ಗ್ರಾಹಕರಿಗೆ ಹಾಕುತ್ತದೆ. ಎರಡೂ ಹಂತದಲ್ಲಿ ಜಿಎಸ್‌ಟಿ. ಇದು ಕೆಟ್ಟುಹೋಗುವುದು ಹಣ ಬರುವ ಕಡೆ: ಗ್ರಾಹಕರ ಪಾವತಿ ಹಳೆಯ ಕಂಪನಿಯ ಖಾತೆಗೆ ಬೀಳುತ್ತದೆ, ಆ ಖಾತೆಯನ್ನು ಹಿಂದೆ ಸಾಲ ಕೊಟ್ಟವರೋ ಇಲಾಖೆಯೋ ಜಪ್ತಿ ಮಾಡಿದರೆ ಹೊಸಬರ ಹಣ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ಏರ್ಪಾಡಿಗೆ ಪ್ರತ್ಯೇಕ ಖಾತೆ, ದಿನನಿತ್ಯದ ವರ್ಗಾವಣೆಗೆ ಬ್ಯಾಂಕಿಗೆ ಸ್ಥಾಯೀ ಸೂಚನೆ, ಮತ್ತು ಇಂಥ ದಿನಕ್ಕೆ ಮುಗಿಯಬೇಕೆಂಬ ಗಡುವು ಇರಲೇಬೇಕು.

ಷೇರು ಖರೀದಿಯಲ್ಲೂ ಕರಾರುಗಳನ್ನು ಓದದೆ ಬಿಡುವಂತಿಲ್ಲ. ಕಂಪನಿಯ ನಿಯಂತ್ರಣ ಕೈ ಬದಲಾದರೆ ಮೊದಲೇ ತಿಳಿಸಬೇಕು ಅಥವಾ ಒಪ್ಪಿಗೆ ಪಡೆಯಬೇಕು ಎಂಬ ಷರತ್ತು ದೊಡ್ಡ ಗ್ರಾಹಕರ ಕರಾರಿನಲ್ಲಿ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರದಲ್ಲಿ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿಯ ಗುತ್ತಿಗೆ ಪತ್ರದಲ್ಲಿ ಇದೆಯೇ ಎಂದು ಹುಡುಕಬೇಕು. ಜಾಗ ಇನ್ನೂ ಲೀಸ್-ಕಮ್-ಸೇಲ್ ಹಂತದಲ್ಲಿದ್ದು ಪೂರ್ಣ ಕ್ರಯಪತ್ರ ಆಗಿಲ್ಲದಿದ್ದರೆ ಇದು ಹೆಚ್ಚು ಮುಖ್ಯ. ಹಳೆಯ ಮಾಲೀಕರು ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಗ್ಯಾರಂಟಿ ಬಿಡುಗಡೆಯಾಗುವುದು ಕೂಡ ಷೇರು ಕೈ ಬದಲಾಗುವ ದಿನವೇ ಆಗಬೇಕು, ಇಲ್ಲದಿದ್ದರೆ ಅವರು ಕೊನೆಯ ಸಹಿ ತಡೆಯುತ್ತಾರೆ, ಮತ್ತು ತಡೆಯುವುದು ನ್ಯಾಯವೇ.

ನಲವತ್ತು ಜನರ ಪಾಡು

ಕಾರ್ಮಿಕರನ್ನು ಯಂತ್ರಗಳ ಪಟ್ಟಿಯ ಜೊತೆ ಸೇರಿಸಿ ಮಾರಲು ಬರುವುದಿಲ್ಲ. ಸ್ಲಂಪ್ ಸೇಲ್‌ನಲ್ಲಿ ಉದ್ಯೋಗದಾತನೇ ಬದಲಾಗುವುದರಿಂದ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಮು ರೂಪಿಸಿದ್ದ ಸೂತ್ರ ಇಲ್ಲಿ ಕೆಲಸ ಮಾಡುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕರಿಗೆ ನೋಟಿಸು ಮತ್ತು ಕೆಲಸದಿಂದ ತೆಗೆದಾಗ ಕೊಡುವಂಥ ಪರಿಹಾರ ಕೊಡಬೇಕು, ಅಂದರೆ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ. ಕೊಡಬೇಕಿಲ್ಲವೆಂದರೆ ಮೂರು ಷರತ್ತು ಒಟ್ಟಿಗೆ ಈಡೇರಬೇಕು: ಸೇವೆ ಮುರಿಯಬಾರದು, ಹೊಸ ಕಡೆಯ ಷರತ್ತುಗಳು ಹಳೆಯದಕ್ಕಿಂತ ಕಡಿಮೆಯಾಗಬಾರದು, ಮುಂದೆ ಯಾವತ್ತಾದರೂ ತೆಗೆದುಹಾಕಿದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆಯನ್ನು ಹೊಸ ಮಾಲೀಕರು ಒಪ್ಪಿಕೊಳ್ಳಬೇಕು.

ಈ ಮೂರೂ ಇದ್ದರೂ ಕಾರ್ಮಿಕರನ್ನು ಒತ್ತಾಯದಿಂದ ದಾಟಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಬೇರೆ ಆಡಳಿತದ ಕೆಳಗೆ ಕೆಲಸ ಮಾಡಲು ಬಲವಂತ ಮಾಡಬಾರದು, ಒಲ್ಲದವರಿಗೆ ಪರಿಹಾರ ಕೊಡಬೇಕು ಎಂದು ಸುನಿಲ್ ಕುಮಾರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಇನ್ನೊಂದು ಬದಿಯಿಂದ, ಹೊಸ ಮಾಲೀಕರು ತಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕು ಎಂದು ಕೇಳುವ ಹಕ್ಕು ಕಾರ್ಮಿಕರಿಗಿಲ್ಲ ಎಂಬುದು ಅನಕಾಪಲ್ಲಿ ಸಹಕಾರಿ ಸಂಘದ ಪ್ರಕರಣದ ತೀರ್ಪು. ಹಾಗಾಗಿ ಮಾತುಕತೆಯ ಮೇಜಿನಲ್ಲಿ ಅವರು ಇರಲೇಬೇಕು.

ಇಲ್ಲಿ ನಡೆಯುವ ಅತಿ ಕೆಟ್ಟ ತಪ್ಪು ಎಂದರೆ ಎಲ್ಲರಿಂದ ಒಂದೇ ತಾರೀಕಿನ, ಒಂದೇ ಒಕ್ಕಣೆಯ ರಾಜೀನಾಮೆ ಬರೆಸಿಕೊಂಡು ಮರುದಿನ ಹೊಸ ಕಂಪನಿಯ ನೇಮಕಪತ್ರ ಕೊಡುವುದು. ಹನ್ನೆರಡು ವರ್ಷದ ಸೇವೆಯನ್ನು ಸೊನ್ನೆ ಮಾಡುವ ಈ ಉಪಾಯ ಆ ಮನುಷ್ಯರಿಗೆ ಅನ್ಯಾಯ. ಕೊಳ್ಳುವವರಿಗೂ ಇದರಿಂದ ಉಳಿತಾಯವಿಲ್ಲ, ಏಕೆಂದರೆ ನಲವತ್ತು ಜನ ಒಂದೇ ದಿನ ಸ್ವಂತ ಇಚ್ಛೆಯಿಂದ ಬಿಟ್ಟರು ಎಂಬುದನ್ನು ಲೇಬರ್ ಕೋರ್ಟು ಸುಲಭವಾಗಿ ನಂಬುವುದಿಲ್ಲ. ಸರಿಯಾದ ಕಾಗದ ತ್ರಿಪಕ್ಷೀಯ ಪತ್ರ: ಹಳೆಯ ಕಂಪನಿ, ಹೊಸ ಕಂಪನಿ ಮತ್ತು ನೌಕರ ಸಹಿ ಹಾಕುವ ಒಂದು ಹಾಳೆ. ಅದರಲ್ಲಿ ಸೇವೆ ಸೇರಿದ ಮೂಲ ದಿನಾಂಕ, ಈಗಿನ ವೇತನದ ವಿವರ, ಉಳಿದ ರಜೆಯ ದಿನಗಳು, ಗ್ರಾಚ್ಯುಟಿಗೆ ಹಳೆಯ ಸೇವೆ ಸೇರುತ್ತದೆ ಎಂಬ ಮಾತು ಇರಬೇಕು. ಅದು ಕನ್ನಡದಲ್ಲಿ ಇರಬೇಕು. ಅರ್ಥವಾಗದ ಭಾಷೆಯ ಕಾಗದಕ್ಕೆ ಹಾಕಿಸಿದ ಸಹಿಯನ್ನು ಒಪ್ಪಿಗೆ ಎಂದು ಎಣಿಸುವುದು ಸರಿಯಲ್ಲ. ಪಿಎಫ್‌ನ ಯುಎಎನ್ ನಂಬರು ಬದಲಾಗದು, ಹೊಸ ಕಂಪನಿಯ ಕೋಡಿಗೆ ಖಾತೆ ವರ್ಗವಾಗುತ್ತದೆ.

ಗ್ರಾಚ್ಯುಟಿಯ ಲೆಕ್ಕ ಈಗ ಬದಲಾಗಿದೆ, ಹಳೆಯ ಬ್ಯಾಲೆನ್ಸ್ ಶೀಟಿನ ಅಂಕಿ ನಂಬಿ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ತಿಂಗಳಿಗೆ ಒಟ್ಟು 41,600 ರೂಪಾಯಿ ಪಡೆಯುವ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 18,200 ಇರುವ, 12 ವರ್ಷ ಸೇವೆಯ ಹಿರಿಯ ಸೆಟ್ಟರ್ ಒಬ್ಬರನ್ನು ತೆಗೆದುಕೊಳ್ಳಿ. ಹಳೆಯ ರೀತಿಯಲ್ಲಿ 18,200ನ್ನು 26ರಿಂದ ಭಾಗಿಸಿ, 15 ದಿನ ಮತ್ತು 12 ವರ್ಷದಿಂದ ಗುಣಿಸಿದರೆ 1,26,000. ಹೊಸ ರೀತಿಯಲ್ಲಿ ವೇತನ 20,800 ಎಂದಾಗುತ್ತದೆ, ಗ್ರಾಚ್ಯುಟಿ 1,44,000. ಒಬ್ಬರಿಗೆ 18,000 ಹೆಚ್ಚು. ಇದು ಷೇರು ಖರೀದಿಯಲ್ಲೂ ಸ್ಲಂಪ್ ಸೇಲ್‌ನಲ್ಲೂ ಕೊಳ್ಳುವವರ ಮೇಲೇ ಬರುತ್ತದೆ, ಸೇವೆ ಸತತ ಎಂದು ಒಪ್ಪಿಕೊಂಡ ಮೇಲೆ. ಎರಡರಲ್ಲೂ ಪರಿಹಾರ ಒಂದೇ: ಸಂಬಳದ ಚೀಟಿಗಳನ್ನು ಇಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಿಸಿ, ಕೊರತೆಯನ್ನು ಸಾಲ ಎಂದು ಎಣಿಸಿ ಬೆಲೆಯಿಂದ ಕಳೆಯುವುದು.

ಹಾಗಾದರೆ ಯಾವುದು?

ನಮ್ಮ ಉದಾಹರಣೆಯಲ್ಲಿ ಹೊಣೆಗಳನ್ನು ಸಾಲಾಗಿ ಇಟ್ಟು ನೋಡಿ. ಜಿಎಸ್‌ಟಿ 40 ಲಕ್ಷ; ವರ್ಷಕ್ಕೆ ಶೇ 18ರಂತೆ ಮೂರು ವರ್ಷದ ಬಡ್ಡಿ 21.6 ಲಕ್ಷ, ವಂಚನೆಯ ಆರೋಪವಿಲ್ಲದ ಪ್ರಕರಣದಲ್ಲಿ ಶೇ 10 ದಂಡ 4 ಲಕ್ಷ, ಒಟ್ಟು 65.6 ಲಕ್ಷ. ಪಿಎಫ್ ಬೇಡಿಕೆ ಬಂದರೆ 30 ಲಕ್ಷ ಎಂದು ಅಂದಾಜು ಮಾಡಿದರು ಎನ್ನೋಣ. ಗ್ರಾಚ್ಯುಟಿ ಕೊರತೆ 55 ಲಕ್ಷ. ಈ ಮೂರರಲ್ಲಿ ಒಂದಾದರೂ ಸ್ಲಂಪ್ ಸೇಲ್ ಮಾಡಿದರೆ ತಪ್ಪುತ್ತದೆಯೇ? ಇಲ್ಲ. ಮೂರೂ ವ್ಯವಹಾರದ ಜೊತೆ ಬರುವಂಥವು. ಹಾಗಿರುವಾಗ ಸ್ಲಂಪ್ ಸೇಲ್‌ಗಾಗಿ 30.4 ಲಕ್ಷ ಮುದ್ರಾಂಕ-ನೋಂದಣಿ ಶುಲ್ಕ, ಹೊಸ ವೆಂಡರ್ ಕೋಡಿನ ಕಾಯುವಿಕೆ, ನಲವತ್ತು ಒಪ್ಪಿಗೆ ಪತ್ರ, ಮಾರುವವರ ತೆರಿಗೆಗಾಗಿ ಏರಿದ ಬೆಲೆ ಇವೆಲ್ಲವನ್ನೂ ಹೊರುವುದಕ್ಕೆ ಅರ್ಥವಿಲ್ಲ. ಷೇರು ಕೊಳ್ಳುವುದೇ ಸರಿ.

ಬೆಲೆ ಹೀಗಾಗುತ್ತದೆ: 12 ಕೋಟಿಯಿಂದ ಬ್ಯಾಂಕ್ ಸಾಲ 2.5 ಕೋಟಿ, ಗ್ರಾಚ್ಯುಟಿ ಕೊರತೆ 55 ಲಕ್ಷ ಕಳೆದರೆ ಷೇರುಗಳಿಗೆ 8.95 ಕೋಟಿ. ಜಿಎಸ್‌ಟಿ ಮತ್ತು ಪಿಎಫ್ ಇನ್ನೂ ನಿಗದಿಯಾಗದ ಹೊಣೆಗಳಾದ್ದರಿಂದ ಕಳೆಯುವ ಬದಲು, ಈ 8.95 ಕೋಟಿಯಲ್ಲಿ 1 ಕೋಟಿಯನ್ನು ಷರತ್ತು ಈಡೇರುವವರೆಗೆ ಬ್ಯಾಂಕು ಹಿಡಿದಿಡುವ ಎಸ್ಕ್ರೋ ಖಾತೆಯಲ್ಲಿ ಇಡುವುದು. ಹಳೆಯ ಹೊಣೆ ಬಂದರೆ ತುಂಬಿಕೊಡುತ್ತೇವೆ ಎಂಬ ಅಣ್ಣತಮ್ಮಂದಿರ ಇಂಡೆಮ್ನಿಟಿ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಇರಬೇಕು, ಇಲ್ಲದಿದ್ದರೆ ಒಬ್ಬರು ಅಮೆರಿಕಕ್ಕೆ ಹೋದ ಮೇಲೆ ಇನ್ನೊಬ್ಬರು ಅರ್ಧ ಮಾತ್ರ ತನ್ನದು ಅನ್ನುತ್ತಾರೆ.

ಆದರೆ ಒಂದೇ ಒಂದು ಸಂಗತಿ ಸೇರಿದರೆ ಈ ತೀರ್ಮಾನ ತಲೆಕೆಳಗಾಗುತ್ತದೆ. ಇದೇ ಕಂಪನಿ, ಅಣ್ಣತಮ್ಮಂದಿರ ಇನ್ನೊಂದು ಸಂಸ್ಥೆ ತೆಗೆದ 6 ಕೋಟಿ ಸಾಲಕ್ಕೆ ಗ್ಯಾರಂಟಿ ನಿಂತಿದೆ ಎಂದಿಟ್ಟುಕೊಳ್ಳಿ, ಆ ಸಂಸ್ಥೆಯ ಕಂತುಗಳು ತಪ್ಪಲು ಶುರುವಾಗಿವೆ. ಆಸ್ತಿ ಅಡವಿಡದೆ ಬರೀ ಗ್ಯಾರಂಟಿ ಕೊಟ್ಟಿದ್ದರೆ ಅದು ಅಡಮಾನಗಳ ಸರ್ಕಾರಿ ದಾಖಲೆಯಲ್ಲಿ ಕಾಣುವುದಿಲ್ಲ. ಹುಡುಕಬೇಕಾದದ್ದು ಬೋರ್ಡ್ ಸಭೆಗಳ ನಡವಳಿ ಪುಸ್ತಕದಲ್ಲಿ, ಆಡಿಟ್ ವರದಿಯ ಸಂಭಾವ್ಯ ಹೊಣೆಗಳ ಟಿಪ್ಪಣಿಯಲ್ಲಿ, ಮತ್ತು ಸೋದರ ಸಂಸ್ಥೆಯ ಸಾಲ ಮಂಜೂರಾತಿ ಪತ್ರದಲ್ಲಿ. ಈ 6 ಕೋಟಿ ಕಂಪನಿಗೆ ಅಂಟಿದ ಹೊಣೆ, ವ್ಯವಹಾರಕ್ಕಲ್ಲ. ಸ್ಲಂಪ್ ಸೇಲ್ ಇದನ್ನು ಹಿಂದೆ ಬಿಡುತ್ತದೆ. ಇದಕ್ಕಾಗಿ 30 ಲಕ್ಷ ಶುಲ್ಕ, ಕೆಲವು ತಿಂಗಳ ವಿಳಂಬ ಸಹಿಸುವುದು ತೀರಾ ಸರಿ. ನಕಲಿ ಬಿಲ್ಲಿನ ವಾಸನೆ ಇದ್ದರೆ ಮಾತ್ರ ಎರಡೂ ದಾರಿ ಕಷ್ಟ, ಏಕೆಂದರೆ ಜಿಎಸ್‌ಟಿ ಕೊಳ್ಳುವವರನ್ನು ಎರಡರಲ್ಲೂ ಹಿಂಬಾಲಿಸುತ್ತದೆ.

ಗ್ಯಾರಂಟಿಯನ್ನು ಬಿಟ್ಟು ಬರುವ ಸ್ಲಂಪ್ ಸೇಲ್‌ನಲ್ಲಿ ಒಂದು ಶಿಸ್ತು ಬೇಕು. ಹಳೆಯ ಕಂಪನಿಗೆ ಸಾಲ ಕೊಟ್ಟವರು ನಾಳೆ "ಆಸ್ತಿಯನ್ನೆಲ್ಲ ಅಗ್ಗಕ್ಕೆ ಸಾಗಿಸಿ ನಮ್ಮನ್ನು ವಂಚಿಸಿದರು" ಎಂದು ಕೋರ್ಟಿಗೆ ಹೋಗಬಹುದು. ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಬಿದ್ದರೆ, ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ, ಸಂಬಂಧಿಕರ ಜೊತೆಗಾದರೆ ಎರಡು ವರ್ಷದಲ್ಲಿ, ಕಡಿಮೆ ಬೆಲೆಗೆ ನಡೆದ ಮಾರಾಟವನ್ನು ಪ್ರಶ್ನಿಸಲು ಅವಕಾಶವಿದೆ. ಹಾಗಾಗಿ ನೋಂದಾಯಿತ ಮೌಲ್ಯಮಾಪಕರ ವರದಿ ಇರಲಿ, ಬೆಲೆ ಅದಕ್ಕೆ ತಕ್ಕಂತಿರಲಿ, ಮತ್ತು ಪೂರ್ತಿ ಹಣ ಕಂಪನಿಯ ಖಾತೆಗೇ ಹೋಗಲಿ. ಅಣ್ಣತಮ್ಮಂದಿರ ಸ್ವಂತ ಖಾತೆಗೆ "ಸ್ಪರ್ಧೆ ಮಾಡುವುದಿಲ್ಲ" ಎಂಬ ಹೆಸರಲ್ಲಿ ದೊಡ್ಡ ಪಾಲು ಕೊಡುವುದು ಸಾಲ ಕೊಟ್ಟವರ ಕೈಗೆ ತಾವೇ ಸಾಕ್ಷಿ ಕೊಟ್ಟಂತೆ.

ದಾರಿ ಯಾವುದೇ ಇರಲಿ, ಸಹಿಗೆ ಮೊದಲು ಜಿಎಸ್‌ಟಿ ಪೋರ್ಟಲ್‌ಗೆ ಕಂಪನಿಯ ಲಾಗಿನ್‌ನಲ್ಲೇ ಹೋಗಿ View Additional Notices/Orders ಪುಟವನ್ನು ಕೊಳ್ಳುವವರ ಆಡಿಟರ್ ಕಣ್ಣಾರೆ ನೋಡಬೇಕು. ಮುಖ್ಯ ನೋಟಿಸು ಪುಟದಲ್ಲಿ ಕಾಣದ ಎಷ್ಟೋ ನೋಟಿಸುಗಳು ಅಲ್ಲಿ ಬಿದ್ದಿರುತ್ತವೆ, ಮಾರುವವರಿಗೂ ಗೊತ್ತಿರುವುದಿಲ್ಲ.

ಎಸ್ಕ್ರೋ ಎಷ್ಟು ಕಾಲ? "ಹದಿನೆಂಟು ತಿಂಗಳು" ಎಂದು ಕಣ್ಣುಮುಚ್ಚಿ ಬರೆಯುವ ರೂಢಿ ಇದೆ. ಅದನ್ನು ತೆರಿಗೆಯ ಕಾಲಮಿತಿಗೆ ಕಟ್ಟುವುದು ಸರಿ. 2022-23ರ ಸಾಲಿಗೆ, ವಂಚನೆಯ ಆರೋಪವಿಲ್ಲದಿದ್ದರೆ, ಇಲಾಖೆ 2026ರ ಡಿಸೆಂಬರ್ 31ರೊಳಗೆ ಆದೇಶ ಮಾಡಬೇಕು. 2023-24ಕ್ಕೆ 2027ರ ಡಿಸೆಂಬರ್ 31. 2024-25ರಿಂದ ನಿಯಮ ಬದಲಾಗಿದ್ದು, ವಾರ್ಷಿಕ ರಿಟರ್ನ್ ಗಡುವಿನಿಂದ 42 ತಿಂಗಳೊಳಗೆ ನೋಟಿಸು ಕೊಡಬೇಕು. ಆ ಸಾಲಿಗೆ ಅದು 2029ರ ಜೂನ್ 30ಕ್ಕೆ ಬರುತ್ತದೆ. ಹಾಗಾಗಿ 1 ಕೋಟಿಯನ್ನು ಒಮ್ಮೆಗೇ ಹಿಡಿದಿಡದೆ, ನೋಟಿಸಿನ ಸಾಲು ಇತ್ಯರ್ಥವಾದಾಗ ದೊಡ್ಡ ಪಾಲು, 2027ರ ಕೊನೆಗೆ ಇನ್ನೊಂದು ಪಾಲು ಬಿಟ್ಟುಕೊಟ್ಟು, ಹತ್ತು ಹದಿನೈದು ಲಕ್ಷವನ್ನು ಮಾತ್ರ 2029ರ ಜುಲೈವರೆಗೆ ಇಟ್ಟುಕೊಳ್ಳಬಹುದು.